"ಹಾಗಲ್ಲ ಮೇಡಂ" ಅನ್ನಿಸಿಕೊಳ್ಳಲು ಏನು ಮಾಡಬೇಕು

(ಇದು ಒಂದು ಉಪನ್ಯಾಸದ ಬರಹ ರೂಪ. ಆಡಿದ ಮಾತನ್ನು ಹಾಗೇ ಇಳಿಸಿದರೆ ಓದಲು ಕಷ್ಟ, ಅದಕ್ಕೆ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಆಗ ನಾನು ಏಳು ಜನರ ತಂಡ ನೋಡಿಕೊಳ್ಳುತ್ತಿದ್ದೆ. ತಂಡದಲ್ಲಿ ಒಬ್ಬರು ಪ್ರತಿ ತಿಂಗಳು ಲೆಕ್ಕದ ರಿಪೋರ್ಟ್ ಮಾಡುತ್ತಿದ್ದರು. ಮಾರಾಟ ವಿಭಾಗದಿಂದ ಅಂಕಿ ಬರುತ್ತದೆ, ಇವರು ಅದನ್ನು ತಾಳೆ ನೋಡಿ ಹೊಂದಿಸುತ್ತಾರೆ, 3ನೇ ತಾರೀಖಿನ ಮೀಟಿಂಗ್ ಹೊತ್ತಿಗೆ ರಿಪೋರ್ಟ್ ಎಲ್ಲರ ಕೈಯಲ್ಲಿ ಇರಬೇಕು. ಎರಡು ವರ್ಷದಲ್ಲಿ ಒಂದು ಸಲವೂ ತಡ ಮಾಡಿದವರಲ್ಲ. ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ಮುಂದಿನ ತಿಂಗಳಿಂದ ಆ ರಿಪೋರ್ಟ್ ನನ್ನ ಕೈಲಿ ಆಗಲ್ಲ" ಅಂದರು.

ಮಾತುಕತೆ ಹೀಗೆ ನಡೆಯಿತು.

"ಕೆಲಸ ಜಾಸ್ತಿ ಆಗಿದೆ ಅಲ್ವಾ?"

"ಹೂಂ, ಜಾಸ್ತಿನೇ ಇದೆ ಮೇಡಂ, ಆದ್ರೆ..."

"ಅರ್ಥ ಆಯ್ತು. ನಿಮ್ಮ ಜೊತೆ ಇನ್ನೊಬ್ಬರನ್ನ ಹಾಕ್ತೀನಿ. ಸರಿನಾ?"

"ಸರಿ ಮೇಡಂ."

ಮುಗಿಯಿತು. ಎಲ್ಲ ಸೇರಿ 40 ಸೆಕೆಂಡ್ ಆಗಿರಬಹುದು. ನನಗೋ ಒಳಗೊಳಗೇ ಹೆಮ್ಮೆ. ತಂಡದವರು ಕಷ್ಟ ಅಂತ ಬಂದರು, ನಾನು ನಿಂತ ಜಾಗದಲ್ಲೇ ಬಗೆಹರಿಸಿದೆ ಅಂತ. ಮುಂದಿನ ತಿಂಗಳು ರಿಪೋರ್ಟ್ ಒಂದು ದಿನ ತಡವಾಯಿತು. ಜೊತೆಗೆ ಹಾಕಿದ ಹುಡುಗನಿಗೆ ಇವರು ಫೈಲ್ ಕೊಡುತ್ತಿರಲಿಲ್ಲ, ಅವನು ಕೇಳುತ್ತಲೂ ಇರಲಿಲ್ಲ. ಇಬ್ಬರ ಮುಖವೂ ಗಂಟು.

ಆ 40 ಸೆಕೆಂಡಿನಲ್ಲಿ ನಾನು ಎಲ್ಲಿ ಎಡವಿದೆ ಅಂತ ನೋಡೋಣ. ಅವರ "ಆದ್ರೆ" ಕಾಣಿಸುತ್ತಿದೆ ಅಲ್ವಾ? ಅವರು ಹೇಳಲು ಬಂದ ವಿಷಯವೆಲ್ಲ ಆ "ಆದ್ರೆ"ಯ ಆಚೆ ಇತ್ತು. ನಾನು ಅದರ ಮೇಲೆ ಹತ್ತಿ ನಿಂತು "ಅರ್ಥ ಆಯ್ತು" ಅಂದೆ. ಅರ್ಥ ಆಗಿದ್ದು ನನ್ನದೇ ಊಹೆ. ಅವರು ಬಾಯಿ ತೆರೆಯುವ ಮುಂಚೆಯೇ "ಕೆಲಸ ಜಾಸ್ತಿ" ಅನ್ನೋದನ್ನ ನಾನೇ ತಂದು ಅವರ ಬಾಯಿಗೆ ಇಟ್ಟಿದ್ದೆ. ಅವರು ಅದನ್ನು ಒಪ್ಪಿಕೊಂಡರು, ಯಾಕೆಂದರೆ ಸುಳ್ಳೇನಲ್ಲ. ಕೆಲಸ ಯಾರಿಗೆ ಜಾಸ್ತಿ ಇಲ್ಲ ಹೇಳಿ.

ಗಮನವಿಟ್ಟು ಕೇಳುವುದು ಅಂದ ತಕ್ಷಣ ಜನ ತಲೆ ಆಡಿಸುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಮೊಬೈಲ್ ಬೋರಲು ಹಾಕುವುದು ಇಷ್ಟನ್ನೇ ಹೇಳುತ್ತಾರೆ. ಅವತ್ತು ನಾನು ಇದನ್ನೆಲ್ಲ ಮಾಡಿದ್ದೆ! ಹಾಗಾಗಿ ಅದರ ಬಗ್ಗೆ ಮಾತು ಬೇಡ. ನಾನು ಹೇಳುವುದು ಮೂರು ಕೆಲಸಗಳ ಬಗ್ಗೆ. ಕೇಳಿದ್ದನ್ನು ನಮ್ಮ ಮಾತಲ್ಲಿ ಮರಳಿ ಹೇಳುವುದು, ಸ್ವಲ್ಪ ಹೊತ್ತು ಸುಮ್ಮನಿರುವುದು, ತೆರೆದ ಪ್ರಶ್ನೆ ಕೇಳುವುದು. ಮೂರೂ ಬೇರೆ ಬೇರೆ ಅಂತ ಕಲಿಸುತ್ತಾರೆ. ನನ್ನ ಅನುಭವದಲ್ಲಿ ಮೂರಕ್ಕೂ ಇರುವುದು ಒಂದೇ ಗುರಿ. ಎದುರಿನವರು "ಹಾಗಲ್ಲ" ಅಂತ ನಮ್ಮನ್ನು ತಿದ್ದುವ ಹಾಗೆ ಮಾಡುವುದು.

ಮೊದಲು ಮರಳಿ ಹೇಳುವುದನ್ನು ನೋಡೋಣ. ಇಂಗ್ಲಿಷಿನಲ್ಲಿ ಪ್ಯಾರಾಫ್ರೇಸ್ ಅನ್ನುತ್ತಾರೆ. ಕನ್ನಡದಲ್ಲಿ "ತಿರುಗಿಸಿ ಹೇಳುವುದು" ಅನ್ನಬಹುದಿತ್ತು, ಆದರೆ ನಮ್ಮಲ್ಲಿ ಮಾತು ತಿರುಗಿಸುವುದು ಅಂದರೆ ಬೇರೇನೇ ಅರ್ಥ. ಅದನ್ನೂ ಬೇಕಾದಷ್ಟು ಜನ ಮಾಡುತ್ತಾರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ವಿಧಾನಕ್ಕೆ "ಆಕ್ಟಿವ್ ಲಿಸನಿಂಗ್" ಅನ್ನುವ ಹೆಸರು ಹರಡಿದ್ದು 1957ರಲ್ಲಿ, ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ ಬರೆದ ಒಂದು ಚಿಕ್ಕ ಪುಸ್ತಿಕೆಯಿಂದ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕೈಗಾರಿಕಾ ಸಂಬಂಧಗಳ ಒಂದು ಕೇಂದ್ರ ಇತ್ತು, ಅದು ಹೊರತಂದಿದ್ದು. ಅಂದರೆ ಕೆಲಸದ ಜಾಗಕ್ಕೂ ಈ ವಿಷಯಕ್ಕೂ ಮೊದಲಿಂದಲೇ ನಂಟು ಇದೆ. ರೋಜರ್ಸ್ ಮನಃಶಾಸ್ತ್ರಜ್ಞ, ಸಲಹೆಗೆ ಬಂದವರ ಮಾತನ್ನು ಮರಳಿ ಹೇಳಿ ಹೇಳಿ ಹೆಸರು ಮಾಡಿದವರು. ಆದರೆ ಜನ ಅದನ್ನು ಗಿಣಿಪಾಠ ಮಾಡಿಬಿಟ್ಟರು. ಎದುರಿನವರು "ನನಗೆ ಬೇಜಾರಾಗಿದೆ" ಅಂದರೆ ಇವರು "ನಿಮಗೆ ಬೇಜಾರಾಗಿದೆ" ಅನ್ನುವುದು. ರೋಜರ್ಸ್‌ಗೆ ಇದರಿಂದ ಎಷ್ಟು ಕಿರಿಕಿರಿ ಆಯಿತೆಂದರೆ, ಕನ್ನಡಿ ಹಿಡಿದ ಹಾಗೆ ಭಾವನೆಯನ್ನು ಪ್ರತಿಫಲಿಸುವುದು ಅನ್ನುವ ಪದವೇ ಸರಿಯಿಲ್ಲ ಅಂತ 1986ರಲ್ಲಿ ಬರೆದರು. ನಾನು ಮಾಡುತ್ತಿರುವುದು ಕನ್ನಡಿ ಹಿಡಿಯುವ ಕೆಲಸ ಅಲ್ಲ, ನಾನು ಅರ್ಥ ಮಾಡಿಕೊಂಡಿದ್ದು ಸರಿಯಾ ಅಂತ ಪರೀಕ್ಷೆ ಮಾಡಿಕೊಳ್ಳುತ್ತಿದ್ದೇನೆ ಅನ್ನುವುದು ಅವರ ಮಾತಿನ ತಿರುಳು.

ಈ ಒಂದು ವಿಷಯ ತಿಳಿದ ಮೇಲೆ ನನಗೆ ಬಹಳ ಬದಲಾಯಿತು. ಮರಳಿ ಹೇಳುವುದು ಪರೀಕ್ಷೆ ಅಂತಾದರೆ, ಅದರಲ್ಲಿ ನಾನು ಫೇಲ್ ಆಗುವ ದಾರಿಯೂ ಇರಬೇಕು. "ಅಂದ್ರೆ ನಿಮಗೆ ಕೆಲಸ ಜಾಸ್ತಿ ಆಗಿದೆ, ಸರಿನಾ?" ಅಂತ ಮೇಲಿನವರು ಕೇಳಿದರೆ ಕೆಳಗಿನವರು ಎಷ್ಟು ಜನ "ಇಲ್ಲ, ನೀವು ತಪ್ಪು ತಿಳ್ಕೊಂಡ್ರಿ" ಅಂತಾರೆ? ಮೇಡಂ ಹೇಳಿದ್ದು ಮುಕ್ಕಾಲು ಪಾಲು ಸರಿ ಇದ್ದರೆ ಪೂರ್ತಿ ಸರಿ ಅಂದುಬಿಡುತ್ತಾರೆ. ಕಾಲು ಪಾಲು ಸರಿ ಇದ್ದರೂ ಅಷ್ಟೇ. ಹಾಗಾಗಿ ನಾನು ಕೊನೆಯ ಪ್ರಶ್ನೆಯನ್ನು ಬದಲಾಯಿಸಿಕೊಂಡೆ. "ಸರಿನಾ?" ಬದಲು "ಇದರಲ್ಲಿ ಏನು ತಪ್ಪಿದೆ?" ಅಥವಾ "ಇದರಲ್ಲಿ ಏನು ಬಿಟ್ಟೆ?" ವ್ಯತ್ಯಾಸ ಚಿಕ್ಕದು ಅನ್ನಿಸಬಹುದು. "ಸರಿನಾ?" ಅಂದರೆ ನನ್ನನ್ನು ತಿದ್ದುವ ಧೈರ್ಯ ಅವರು ಮಾಡಬೇಕು. "ಏನು ಬಿಟ್ಟೆ?" ಅಂದರೆ ಏನೋ ಬಿಟ್ಟಿದ್ದೇನೆ ಅಂತ ನಾನೇ ಒಪ್ಪಿಕೊಂಡ ಹಾಗಾಯಿತು, ಅವರು ಅದನ್ನು ತುಂಬಿದರೆ ಸಾಕು.

ಇನ್ನೊಂದು ಮಾತು. ಮರಳಿ ಹೇಳುವುದೊಂದೇ ದೊಡ್ಡ ಮಂತ್ರ ಅಂತ ತಿಳಿಯಬೇಡಿ. ಹ್ಯಾರಿ ವೆಗರ್ ಮತ್ತು ಜೊತೆಯವರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕೆಲವರಿಗೆ ಅವರ ಮಾತನ್ನು ಮರಳಿ ಹೇಳಿದರು, ಇನ್ನು ಕೆಲವರಿಗೆ ಬರೀ ಹೂಂಗುಟ್ಟಿದರು. ಮರಳಿ ಹೇಳಿದವರನ್ನು ಜನ ಜಾಸ್ತಿ ಇಷ್ಟಪಟ್ಟರು. ಆದರೆ "ನನ್ನನ್ನು ಅರ್ಥ ಮಾಡಿಕೊಂಡರು" ಅನ್ನಿಸುವುದರಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಮರಳಿ ಹೇಳಿ ಅಲ್ಲೇ ನಿಲ್ಲಿಸಿದರೆ ಅದು ಒಳ್ಳೆ ನಡತೆ ಅಷ್ಟೇ. ಅವರು ತಿದ್ದಿದ್ದನ್ನು ತೆಗೆದುಕೊಂಡು ಮುಂದೆ ಹೋದಾಗಲೇ ಏನಾದರೂ ಹೊಸದು ಸಿಗುವುದು.

ಈಗ ಹೂಂಗುಟ್ಟುವ ವಿಷಯ ಬಂತಲ್ಲ, ಒಂದು ಎಚ್ಚರಿಕೆ. ಕನ್ನಡದಲ್ಲಿ "ಹೂಂ" ಅಂದರೆ "ಕೇಳಿಸಿಕೊಳ್ಳುತ್ತಿದ್ದೇನೆ" ಅಂತಲೂ ಹೌದು, "ಒಪ್ಪಿದೆ" ಅಂತಲೂ ಹೌದು. ಕಥೆ ಕೇಳುವಾಗ ಹೂಂಗುಟ್ಟಿದರೆ ತೊಂದರೆ ಇಲ್ಲ. ಆದರೆ ಮೇಲಿನವರ ಎದುರು ಒಬ್ಬರು ತಮ್ಮ ಯೋಜನೆ ಹೇಳುತ್ತಾರೆ, ಇವರು ನಡುನಡುವೆ ಹೂಂ, ಹೂಂ ಅಂತಾರೆ, ಎರಡು ವಾರ ಆದ ಮೇಲೆ "ನೀವೇ ಒಪ್ಪಿದ್ರಲ್ಲ ಸರ್", "ನಾನು ಯಾವಾಗ ಒಪ್ಪಿದೆ?" ಅಂತ ಜಗಳ. ಇದನ್ನು ಒಂದು ಸಲ ಅಲ್ಲ, ಹಲವು ಸಲ ನೋಡಿದ್ದೇನೆ. ನಿರ್ಧಾರ ಆಗಬೇಕಾದ ಮಾತುಕತೆಯಲ್ಲಿ ಹೂಂ ಕಡಿಮೆ ಮಾಡಿ. "ಸರಿ, ಕೇಳಿಸ್ಕೊಂಡೆ, ಇನ್ನೂ ಒಪ್ಪಿಲ್ಲ" ಅಂತ ನೇರವಾಗಿ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ.

ಹಾಗೇ "ಅಂತೆ". "ಅಂಕಿ ತಡವಾಗಿ ಬರುತ್ತೆ ಅಂತ ಹೇಳ್ತಿದ್ದೀರಿ" ಅಂದರೆ ಸರಿ. "ಅಂಕಿ ತಡವಾಗಿ ಬರುತ್ತಂತೆ" ಅಂತ ಅವರ ಎದುರೇ ಅಂದರೆ, ನಾನು ನಂಬಿಲ್ಲ ಅಂತ ಅರ್ಥ. ಎರಡೂ ಮರಳಿ ಹೇಳುವುದೇ, ನಡುವೆ ಇರುವುದು ಒಂದು ಚಿಕ್ಕ ಪ್ರತ್ಯಯ.

ಪ್ರಶ್ನೆಗಳಿಗೆ ಬರೋಣ. ಮುಚ್ಚಿದ ಪ್ರಶ್ನೆ, ತೆರೆದ ಪ್ರಶ್ನೆ ಅಂತ ಎರಡು ಬಗೆ ಹೇಳುತ್ತಾರೆ. ಹೌದು-ಇಲ್ಲ ಅಂತ ಮುಗಿಸಬಹುದಾದದ್ದು ಮುಚ್ಚಿದ್ದು. ಕನ್ನಡದಲ್ಲಿ ಇದನ್ನು ಗುರುತು ಹಿಡಿಯುವುದು ಸುಲಭ, ಮಾತಿನ ತುದಿ ನೋಡಿದರೆ ಸಾಕು. ಆಯ್ತಾ, ಬಂತಾ, ಕಳಿಸಿದ್ರಾ, ಸರಿನಾ. ಕೊನೆಗೆ ಒಂದು "ಆ" ಎಳೆದರೆ ಪ್ರಶ್ನೆ ಮುಚ್ಚಿತು. "ಅಲ್ವಾ" ಹಾಕಿದರೆ ಮುಚ್ಚಿದ ಬಾಗಿಲಿಗೆ ಚಿಲಕವೂ ಬಿತ್ತು, ಯಾಕೆಂದರೆ ಉತ್ತರವನ್ನೂ ನಾವೇ ಹೇಳಿಯಾಗಿರುತ್ತದೆ. "ತಾನೇ" ಇನ್ನೂ ಕೆಟ್ಟದ್ದು. "ಏನೂ ತೊಂದರೆ ಇಲ್ಲ ತಾನೇ?" ಅಂದರೆ ತೊಂದರೆ ಇದ್ದರೂ ಹೇಳಬೇಡ ಅಂತ. (ನಾನು ಈ ಬರಹದಲ್ಲೇ ಎಷ್ಟು ಸಲ ಅಲ್ವಾ ಅಂದಿದ್ದೇನೆ ಅಂತ ಎಣಿಸಬೇಡಿ. ನಿಮ್ಮಿಂದ ಉತ್ತರ ಬೇಕಾಗಿಲ್ಲವಲ್ಲ, ಪರವಾಗಿಲ್ಲ.)

ಹಾಗಾದರೆ ಏನು, ಹೇಗೆ, ಯಾವಾಗ, ಯಾಕೆ ಅಂತ ಶುರು ಮಾಡಿದರೆ ತೆರೆದ ಪ್ರಶ್ನೆ ಆಯಿತಾ? ಎಲ್ಲ ಸಲ ಇಲ್ಲ. "ಯಾವಾಗ ಕಳಿಸಿದ್ರಿ?" ಅಂದರೆ ಉತ್ತರ ಒಂದು ತಾರೀಖು. "ಯಾಕೆ" ಅಂತೂ ನೋಡಲು ತೆರೆದ ಹಾಗೆ ಇದ್ದು ಜನರನ್ನು ಮುಚ್ಚಿಸಿಬಿಡುವ ಪದ. "ರಿಪೋರ್ಟ್ ಯಾಕೆ ತಡ ಆಯ್ತು?" ಅಂದ ತಕ್ಷಣ ಎದುರಿನವರ ತಲೆಯಲ್ಲಿ ಕಟಕಟೆ ಎದ್ದು ನಿಲ್ಲುತ್ತದೆ. ಅವರು ಕಾರಣ ಹುಡುಕುವುದಿಲ್ಲ, ಸಮರ್ಥನೆ ಹುಡುಕುತ್ತಾರೆ. ಅದನ್ನೇ "ಏನೇನಾಯ್ತು ಹೇಳಿ" ಅಂತ ಕೇಳಿದರೆ ಅವರು ನಡೆದದ್ದನ್ನು ಹೇಳಲು ಶುರು ಮಾಡುತ್ತಾರೆ, ನಡೆದದ್ದರ ಒಳಗೇ ಕಾರಣವೂ ಇರುತ್ತದೆ. "ಮೊದಲಿಂದ ಹೇಳಿ" ಅನ್ನುವುದು ವ್ಯಾಕರಣದ ಪ್ರಕಾರ ಪ್ರಶ್ನೆಯೇ ಅಲ್ಲ. ಆದರೂ ನನಗೆ ಗೊತ್ತಿರುವ ತೆರೆದ ಪ್ರಶ್ನೆಗಳಲ್ಲಿ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಮೂರನೆಯದು ಸುಮ್ಮನಿರುವುದು. ಕೇಳಲು ಸುಲಭ, ಮಾಡಲು ಮೂರರಲ್ಲೂ ಕಷ್ಟ ಇದೇ. ಅದಕ್ಕೆ ಕಾರಣ ಇದೆ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಹೋಲಿಸಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಸಾಮಾನ್ಯ ಅಂತರ ಸುಮಾರು 200 ಮಿಲಿಸೆಕೆಂಡ್ ಅಂತ ಕಂಡಿತು. ಒಂದು ಸೆಕೆಂಡಿನ ಐದನೇ ಒಂದು ಭಾಗ. ಭಾಷೆಯಿಂದ ಭಾಷೆಗೆ ಸ್ವಲ್ಪ ಆಚೀಚೆ ಇತ್ತು ಅಷ್ಟೇ. ಅಂದರೆ ಎದುರಿನವರು ಮುಗಿಸುವ ಮುಂಚೆಯೇ ನಾವು ಏನು ಹೇಳಬೇಕು ಅಂತ ಸಿದ್ಧ ಮಾಡಿಕೊಂಡಿರುತ್ತೇವೆ. ನಮ್ಮ ಕಿವಿಗೆ ಆ ವೇಗ ಎಷ್ಟು ರೂಢಿಯಾಗಿದೆ ಅಂದರೆ, ಒಂದು ಸೆಕೆಂಡ್ ಸದ್ದಿಲ್ಲದಿದ್ದರೆ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ.

ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳಲ್ಲಿ ಇದನ್ನೇ ಅಳೆದರು. ಮೇಷ್ಟ್ರುಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು, ಆಮೇಲೆ ತಾವೇ ಮಾತು ಮುಂದುವರಿಸುತ್ತಿದ್ದರು. ಅದನ್ನು 3 ಸೆಕೆಂಡ್ ಅಥವಾ ಸ್ವಲ್ಪ ಜಾಸ್ತಿ ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಅನ್ನುವುದು ಕಡಿಮೆಯಾಯಿತು. ಅವರು ಗುರುತಿಸಿದ ಇನ್ನೊಂದು ವಿಷಯ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಕಾಯುವ ಜಾಗ ಒಂದಲ್ಲ, ಎರಡು. ಪ್ರಶ್ನೆ ಕೇಳಿದ ಮೇಲೆ ಒಮ್ಮೆ, ಉತ್ತರ ಬಂದ ಮೇಲೆ ಇನ್ನೊಮ್ಮೆ. ಮೊದಲನೆಯದನ್ನು ಹೇಗೋ ಮಾಡುತ್ತೇವೆ. ಎರಡನೆಯದು ನಮಗೆ ಹೊಳೆಯುವುದೇ ಇಲ್ಲ. ಅವರು ನಿಲ್ಲಿಸಿದರು, ಅಂದರೆ ಮುಗಿಸಿದರು ಅಂದುಕೊಳ್ಳುತ್ತೇವೆ. ಬಹಳ ಸಲ ಅವರು ಮುಂದಿನ ಮಾತು ಹೇಳಲೋ ಬೇಡವೋ ಅಂತ ಅಳೆಯುತ್ತಿರುತ್ತಾರೆ.

ಎಷ್ಟು ಹೊತ್ತು? ಇಬ್ಬರೇ ಕೂತಿದ್ದರೆ ನಾನು ಮನಸ್ಸಿನಲ್ಲಿ ನಿಧಾನವಾಗಿ ನಾಲ್ಕರ ತನಕ ಎಣಿಸುತ್ತೇನೆ. ಗುಂಪಿನಲ್ಲಿ ಅಷ್ಟು ಹೊತ್ತು ಕಾಯುವುದು ಬೇಡ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗುಂಪಿನ ಮಾತುಕತೆಯಲ್ಲಿ ಒಬ್ಬರ ಮಾತಿನ ಮೇಲೆ ಬರೀ 4 ಸೆಕೆಂಡ್ ಮೌನ ಬಿದ್ದರೆ ಅವರಿಗೆ ತಾನು ಬೇಡವಾದೆ ಅನ್ನಿಸುತ್ತದೆ ಅಂತ ತಿಳಿದುಬಂತು. ಹತ್ತು ಜನರ ಎದುರು ಒಬ್ಬರು ಏನೋ ಹೇಳಿ, ಮೇಲಿನವರು ನಾಲ್ಕು ಎಣಿಸುತ್ತ ಕೂತರೆ ಅದು ಕೇಳುವ ಮೌನ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ "ಒಂದು ನಿಮಿಷ, ಯೋಚನೆ ಮಾಡ್ತೀನಿ" ಅಂತ ಬಾಯಿಬಿಟ್ಟು ಹೇಳಿ ಆಮೇಲೆ ಸುಮ್ಮನಾಗಿ.

ಇನ್ನು ಮತ್ತೆ ನನ್ನ ಕಥೆಗೆ. ರಿಪೋರ್ಟ್ ತಡವಾದ ವಾರವೇ ಅವರನ್ನು ಕರೆದೆ. ಈ ಸಲ ಮೇಜಿನ ಹತ್ತಿರ ಅಲ್ಲ, ಚಿಕ್ಕ ಮೀಟಿಂಗ್ ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ಮನೆಗೆ ಹೋಗಿ ನೆನಪಿದ್ದಷ್ಟು ಬರೆದಿಟ್ಟುಕೊಂಡಿದ್ದೆ, ಅದನ್ನೇ ಹೇಳುತ್ತೇನೆ.

ನಾನು: "ಅವತ್ತು ನೀವು ರಿಪೋರ್ಟ್ ಆಗಲ್ಲ ಅಂದಾಗ ನಾನು ಪೂರ್ತಿ ಕೇಳಲಿಲ್ಲ. ತಪ್ಪು ನನ್ನದು. ರಿಪೋರ್ಟ್ ಮಾಡೋ ಆ ಮೂರು ದಿನ ಏನೇನಾಗುತ್ತೆ, ಮೊದಲಿಂದ ಹೇಳಿ."

ಅವರು: "ಏನಿದೆ ಮೇಡಂ ಹೇಳೋಕೆ. ಅದೇ ಕೆಲಸ."

ಇಲ್ಲಿ ನನ್ನ ನಾಲಿಗೆ ತುದಿಯಲ್ಲಿ ಮೂರು ಪ್ರಶ್ನೆ ಇದ್ದವು. ಕಚ್ಚಿಕೊಂಡೆ. ಒಂದು, ಎರಡು, ಮೂರು, ನಾಲ್ಕು.

ಅವರು: "1ನೇ ತಾರೀಖು ಅಂಕಿ ಬರಬೇಕು. ಬರೋದು 2ನೇ ತಾರೀಖು ಸಂಜೆ. ರಾತ್ರಿ ಕೂತು ಮಾಡ್ತೀನಿ."

ನಾನು: "ಅಂಕಿ ತಡವಾಗಿ ಬರೋದ್ರಿಂದ ಎರಡು ದಿನದ ಕೆಲಸ ಒಂದೇ ರಾತ್ರಿಲಿ ಮುಗಿಸಬೇಕಾಗಿದೆ, ಅದು ಸಾಕಾಗಿ ಹೋಗಿದೆ. ನಾನು ಹೀಗೆ ತಿಳ್ಕೊಂಡೆ. ಇದರಲ್ಲಿ ಏನು ತಪ್ಪಿದೆ?"

ಅವರು: "ಹಾಗಲ್ಲ ಮೇಡಂ. ರಾತ್ರಿ ಕೂರೋದೇನು ಹೊಸದಲ್ಲ. ನಾನು ಮಾಡಿ ಕಳಿಸಿದ ಮೇಲೆ ಬೆಳಿಗ್ಗೆ ಅವರು ಅಂಕಿ ಬದಲಾಯಿಸ್ತಾರೆ. ನನಗೆ ಹೇಳಲ್ಲ."

ಬಂತು ನೋಡಿ, "ಹಾಗಲ್ಲ". ಗಮನಿಸಿ, ನನ್ನ ಊಹೆ ಈ ಸಲವೂ ತಪ್ಪೇ. ಮೊದಲ ಸಲದ್ದಕ್ಕಿಂತ ಹೆಚ್ಚೇನೂ ಚುರುಕಾಗಿರಲಿಲ್ಲ. ಆದರೆ ಈ ಸಲ ಅದನ್ನು ತಿದ್ದಲು ಜಾಗ ಇತ್ತು. ಮತ್ತೆ ಸುಮ್ಮನಾದೆ, ಇದು ಉತ್ತರದ ಆಚೆಗಿನ ಮೌನ.

ಅವರು: "ಮೀಟಿಂಗ್‌ನಲ್ಲಿ ಅವರ ಅಂಕಿ ಒಂದು, ನನ್ನ ಅಂಕಿ ಒಂದು. ಎಲ್ಲರೂ ನನ್ನ ಕಡೆ ನೋಡ್ತಾರೆ. ಎರಡು ಸಲ ಆಯ್ತು ಮೇಡಂ."

ಆ ಎರಡೂ ಮೀಟಿಂಗ್‌ನಲ್ಲಿ ನಾನಿದ್ದೆ. ಅವರ ಕಡೆ ನೋಡಿದವರಲ್ಲಿ ನಾನೂ ಒಬ್ಬಳು.

ನಾನು: "ಅಂದ್ರೆ ಕೆಲಸ ಜಾಸ್ತಿ ಅನ್ನೋದು ವಿಷಯವೇ ಅಲ್ಲ. ನೀವು ಮಾಡದ ತಪ್ಪಿಗೆ ಎಲ್ಲರ ಎದುರು ನೀವು ತಲೆ ತಗ್ಗಿಸಬೇಕಾಯ್ತು. ಏನಾದ್ರೂ ಬಿಟ್ನಾ ನಾನು?"

(ತುದಿಯಲ್ಲಿ "ಆ" ಬಂದುಬಿಟ್ಟಿತು. ಗಡಿಬಿಡಿಯಲ್ಲಿ ಬರುತ್ತದೆ, ಬರಲಿ. ಮಾತು ಆಗಲೇ ತೆರೆದುಕೊಂಡಿದ್ದರಿಂದ ನಷ್ಟ ಆಗಲಿಲ್ಲ.)

ಅವರು: "ಅದೇ ಮೇಡಂ. ಅದರ ಮೇಲೆ ನೀವು ಇನ್ನೊಬ್ಬರನ್ನ ಜೊತೆಗೆ ಹಾಕಿದ್ರಿ. ಇವನ ಕೈಲಿ ಆಗ್ತಿಲ್ಲ ಅಂತ ಎಲ್ಲರೂ ಅಂದ್ಕೊಂಡ್ರು."

ನಾನು ಉಪಕಾರ ಅಂತ ಮಾಡಿದ್ದು ಅವರಿಗೆ ಎಲ್ಲರ ಎದುರಿನ ಮೂರನೇ ಅವಮಾನ ಆಗಿತ್ತು. ಇದಕ್ಕೆ ತಕ್ಷಣ ಏನಾದರೂ ಹೇಳಿ ಸಮಾಧಾನ ಮಾಡಬೇಕು ಅನ್ನಿಸಿತು. ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಏನು ಬದಲಾದ್ರೆ ಈ ರಿಪೋರ್ಟ್ ನೀವೇ ಮಾಡಬಹುದು ಅನ್ಸುತ್ತೆ?" ಅಂತ ಕೇಳಿದೆ.

ಅವರು: "2ನೇ ತಾರೀಖು 4 ಗಂಟೆ ಆದ್ಮೇಲೆ ಅಂಕಿ ಯಾರೂ ಮುಟ್ಟಬಾರದು. ಮುಟ್ಟಿದ್ರೆ ಯಾರು, ಯಾವಾಗ ಅಂತ ಹಾಳೆಯಲ್ಲಿ ಕಾಣಬೇಕು."

ತಡಬಡಿಸದೆ ಹೇಳಿದರು. ಎಷ್ಟು ದಿನದಿಂದ ಸಿದ್ಧ ಇತ್ತೋ ಆ ಉತ್ತರ. ಇಡೀ ಮಾತುಕತೆ 15 ನಿಮಿಷಕ್ಕಿಂತ ಕಡಿಮೆ.

ಇಲ್ಲಿ ಮೂರೂ ಹೇಗೆ ಕೊಂಡಿ ಹಾಕಿಕೊಂಡವು ನೋಡಿ. ತೆರೆದ ಪ್ರಶ್ನೆಗೆ ಬಂದ ಮೊದಲ ಉತ್ತರ ಏನೂ ಅಲ್ಲ, "ಅದೇ ಕೆಲಸ". ಪ್ರಶ್ನೆ ಒಂದೇ ಇದ್ದಿದ್ದರೆ ಅಲ್ಲಿಗೇ ಸತ್ತುಹೋಗುತ್ತಿತ್ತು. ಮೌನ ಅದನ್ನು ಮುಂದಕ್ಕೆ ತಳ್ಳಿತು. ಮೌನ ಒಂದೇ ಇದ್ದಿದ್ದರೆ ಅಂಕಿ ತಡವಾಗಿ ಬರುತ್ತದೆ ಅನ್ನುವಲ್ಲಿಗೆ ನಿಲ್ಲುತ್ತಿತ್ತು, ನಾನು ಮಾರಾಟ ವಿಭಾಗಕ್ಕೆ "ಬೇಗ ಕಳಿಸಿ" ಅಂತ ಒಂದು ಮೇಲ್ ಹಾಕಿ ಕೈತೊಳೆದುಕೊಳ್ಳುತ್ತಿದ್ದೆ. ಅವರು ಬೇಗ ಕಳಿಸುತ್ತಿದ್ದರು, ಬೆಳಿಗ್ಗೆ ಮತ್ತೆ ಬದಲಾಯಿಸುತ್ತಿದ್ದರು.

ಸರಿ ಹೋಗುತ್ತಿದೆಯಾ ಇಲ್ಲವಾ ಅಂತ ಮಾತಿನ ಮಧ್ಯೆ ಗೊತ್ತಾಗುವುದು ಹೇಗೆ ಅಂತ ಒಬ್ಬರು ಕೇಳಿದರು. ನಾನು ನೋಡುವುದು ನಾವು ಮರಳಿ ಹೇಳಿದ ಮೇಲೆ ಅವರ ಮೊದಲ ಪದದ ಆಚೆ ಏನಿದೆ ಅಂತ. "ಹೂಂ, ಹಾಗೇ" ಅಂತ ನಿಂತುಬಿಟ್ಟರೆ ಗುರಿ ತಪ್ಪಿದೆ, ಅವರು ಸುಮ್ಮನೆ ಬಿಟ್ಟುಕೊಟ್ಟಿದ್ದಾರೆ. "ಹಾಗಲ್ಲ, ಅದೇನಂದ್ರೆ" ಅಥವಾ "ಅದೇ, ಅದರ ಮೇಲೆ" ಅಂತ ಮಾತು ಬೆಳೆದರೆ ಸರಿ ಹೋಗುತ್ತಿದೆ. ಇನ್ನೊಂದು ಗುರುತು, ಒಬ್ಬರು ಒಂದೇ ವಿಷಯವನ್ನು ಮೂರನೇ ಸಲ ಹೇಳುತ್ತಿದ್ದರೆ "ಹೇಳಿದ್ದನ್ನೇ ಹೇಳ್ತಾರೆ" ಅಂತ ಬೇಸರ ಪಡುವ ಮುಂಚೆ, ನೀವು ಅದನ್ನು ಒಂದು ಸಲವಾದರೂ ಮರಳಿ ಹೇಳಿದ್ದೀರಾ ನೋಡಿಕೊಳ್ಳಿ. ಹೇಳಿದ ಮೇಲೆ ನಾಲ್ಕನೇ ಸಲ ಬರುವುದು ಕಡಿಮೆ.

ಮತ್ತೊಬ್ಬರು ಕೇಳಿದ್ದು ಸ್ವಲ್ಪ ಚುಚ್ಚುವ ಪ್ರಶ್ನೆ. "ನಮ್ಮ ಮ್ಯಾನೇಜರ್ ಇಂಥ ತರಬೇತಿಗೆ ಹೋಗಿ ಬಂದ್ರು. ಈಗ ರಜೆ ಕೇಳಿದ್ರೂ 'ಅಂದ್ರೆ ನಿಮಗೆ ಬಿಡುವು ಬೇಕು ಅನ್ನಿಸ್ತಿದೆ' ಅಂತಾರೆ. ತಲೆ ಚಚ್ಚಿಕೊಳ್ಳೋ ಹಾಗಾಗುತ್ತೆ." ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಅವರು ಹೇಳಿದ್ದು ನಿಜ. ರಜೆ ಸಿಗುತ್ತಾ ಅಂತ ಕೇಳಿದರೆ ಸಿಗುತ್ತೆ ಅಥವಾ ಸಿಗಲ್ಲ ಅಂತ ಹೇಳಬೇಕು. ಸರಳ ಪ್ರಶ್ನೆಗೆ ಮರಳಿ ಹೇಳುವುದು ಉತ್ತರ ತಪ್ಪಿಸಿಕೊಳ್ಳುವ ದಾರಿಯಾಗಿ ಕಾಣುತ್ತದೆ. ಸಿಸ್ಟಮ್ ಬಿದ್ದುಹೋಗಿ ಎಲ್ಲರೂ ಒದ್ದಾಡುತ್ತಿರುವಾಗ "ಏನೇನಾಯ್ತು ಮೊದಲಿಂದ ಹೇಳಿ" ಬೇಡ. "ಬ್ಯಾಕಪ್ ಇದೆಯಾ?" ಅನ್ನುವ ಮುಚ್ಚಿದ ಪ್ರಶ್ನೆಯೇ ಅಲ್ಲಿ ಸರಿ. ನಿರ್ಧಾರ ಆಗಲೇ ಮಾಡಿ ಮುಗಿದಿದ್ದರೆ "ನಿಮಗೆ ಹೇಗನ್ನಿಸುತ್ತೆ?" ಅಂತ ಕೇಳುವುದು ಮೋಸ, ಜನ ಅದನ್ನು ಒಂದೇ ಸಲಕ್ಕೆ ಹಿಡಿಯುತ್ತಾರೆ, ಆಮೇಲೆ ನೀವು ನಿಜವಾಗಿ ಕೇಳಿದಾಗಲೂ ಬಾಯಿ ಬಿಡುವುದಿಲ್ಲ.

ಮಾತು ತಿರುಗಿಸುವವರ ಬಗ್ಗೆ ಹೇಳುತ್ತೇನೆ ಅಂದಿದ್ದೆ. "ವಾರ ಸಾಕಾಗಲ್ಲ, ಪ್ರಯತ್ನ ಮಾಡ್ತೀನಿ" ಅಂತ ಒಬ್ಬರು ಅಂದರೆ, "ಸರಿ, ಅಂದ್ರೆ ವಾರದಲ್ಲಿ ಮುಗಿಸ್ತೀರಿ" ಅಂತ ಮರಳಿ ಹೇಳುವವರು ಇದ್ದಾರೆ. ರೂಪ ಅದೇ, ಆದರೆ ಒಳಗೆ ತಮಗೆ ಬೇಕಾದ್ದನ್ನು ತುರುಕಿದ್ದಾರೆ. ಇದನ್ನು ಎದುರಿಸಬೇಕಾದವರು ನೀವಾಗಿದ್ದರೆ, ಅಲ್ಲೇ, ಆ ಉಸಿರಿನಲ್ಲೇ ತಿದ್ದಿ. "ನಾನು ಹೇಳಿದ್ದು ಸಾಕಾಗಲ್ಲ ಅಂತ." ಸಂಜೆ ಮೇಲ್ ಬರೆದು ತಿದ್ದುವಷ್ಟರಲ್ಲಿ ಅದು ನಾಲ್ಕು ಜನಕ್ಕೆ ತಲುಪಿರುತ್ತದೆ.

ಫೋನಿನಲ್ಲಿ, ವೀಡಿಯೊ ಕರೆಯಲ್ಲಿ ಮೌನ ಬೇರೆ ಥರ. ಮೂರು ಸೆಕೆಂಡಿಗೆ "ಹಲೋ, ಕೇಳಿಸ್ತಿದೆಯಾ?" ಶುರುವಾಗುತ್ತದೆ. ನಾನು ಪ್ರಶ್ನೆ ಕೇಳಿದ ಕೂಡಲೇ "ಯೋಚನೆ ಮಾಡಿ ಹೇಳಿ, ನಾನು ಲೈನಲ್ಲೇ ಇದ್ದೀನಿ" ಅಂತ ಸೇರಿಸುತ್ತೇನೆ. ಅಷ್ಟು ಸಾಕು.

ಕೊನೆಗೆ ಆ ರಿಪೋರ್ಟ್ ಏನಾಯಿತು ಅಂತ ಹೇಳಿಬಿಡುತ್ತೇನೆ. ಮಾರಾಟ ವಿಭಾಗದವರ ಜೊತೆ ಕೂತು 4 ಗಂಟೆಯ ಗಡುವು ಹಾಕಿದೆವು. ಅವರಿಗೂ ಅವರ ಕಷ್ಟ ಇತ್ತು, ಕೆಲವು ಆರ್ಡರ್ ರಾತ್ರಿ ರದ್ದಾಗುತ್ತವೆ, ಅದಕ್ಕೇ ಬೆಳಿಗ್ಗೆ ಅಂಕಿ ಬದಲಾಗುತ್ತಿದ್ದದ್ದು. ಅಂಥವು ಮುಂದಿನ ತಿಂಗಳಿಗೆ ಹೋಗಲಿ ಅಂತ ತೀರ್ಮಾನ ಆಯಿತು. ರಿಪೋರ್ಟ್ ಮತ್ತೆ ಇವರೊಬ್ಬರ ಕೈಗೇ ಬಂತು.

ಉಳಿದವನು ಜೊತೆಗೆ ಹಾಕಿದ್ದ ಹುಡುಗ. ಅವನನ್ನು ಹಾಕುವಾಗಲೂ ನಾನು ಕೇಳಿರಲಿಲ್ಲ, ಈಗ ತೆಗೆಯುವಾಗಲೂ ಕೇಳಿರಲಿಲ್ಲ. ಕರೆದು ವಿಷಯ ಹೇಳಿದೆ. ಹೇಳಿ, "ಬೇಜಾರಿಲ್ಲ ತಾನೇ?" ಅಂದೆ.

"ಇಲ್ಲ ಮೇಡಂ" ಅಂದ. ಎದ್ದು ಹೊರಟ. ಅವನು ಬಾಗಿಲು ತಲುಪುವ ಹೊತ್ತಿಗೆ ನಾನು ಏನು ಕೇಳಿದೆ ಅಂತ ನನಗೇ ಕೇಳಿಸಿತು. ವಾಪಸ್ ಕರೆದು ಕೂರಿಸಿದೆ. "ಈ ಒಂದು ತಿಂಗಳು ನಿನಗೆ ಹೇಗಿತ್ತು, ಹೇಳು." ಆಮೇಲೆ ನಾಲ್ಕಕ್ಕಿಂತ ಬಹಳ ಜಾಸ್ತಿ ಎಣಿಸಬೇಕಾಯಿತು.